ನಷ್ಟದಲ್ಲಿ ಕ್ಯಾಬ್ ಓಡಿಸಿದರೂ ಓಲಾ ತಪ್ಪಿತಸ್ಥ ಆಗಲಿಲ್ಲ, ಯಾಕೆ?

2015ರ ಸುಮಾರಿಗೆ ಬೆಂಗಳೂರಿನಲ್ಲಿ ಕ್ಯಾಬ್ ಹತ್ತುತ್ತಿದ್ದವರಿಗೆ ಆಗಿನ ಡಿಸ್ಕೌಂಟ್‌ಗಳು ನೆನಪಿರಬಹುದು. ಆಟೋಗೆ ಕೊಡುವಷ್ಟೇ ದುಡ್ಡಿಗೆ ಎಸಿ ಕಾರು ಮನೆ ಬಾಗಿಲಿಗೆ ಬರುತ್ತಿತ್ತು. ನಮಗೇನೋ ಖುಷಿ. ಆದರೆ ಫಾಸ್ಟ್ ಟ್ರ್ಯಾಕ್ ಕಾಲ್ ಕ್ಯಾಬ್ ಎಂಬ ಕಂಪನಿ ಭಾರತೀಯ ಸ್ಪರ್ಧಾ ಆಯೋಗದ (ಸಿಸಿಐ) ಮೊರೆ ಹೋಯಿತು. ಆಮೇಲೆ ಮೇರು ಕೂಡ ಹೋಯಿತು. ಫಾಸ್ಟ್ ಟ್ರ್ಯಾಕ್‌ನ ಆರೋಪ ಹೀಗಿತ್ತು: ಓಲಾಗೆ ಒಂದು ಟ್ರಿಪ್‌ನಿಂದ ಸರಾಸರಿ 344 ರೂಪಾಯಿ ಸಿಗುತ್ತದೆ, ಆದರೆ ಗ್ರಾಹಕರ ಡಿಸ್ಕೌಂಟ್ ಮತ್ತು ಚಾಲಕರ ಇನ್ಸೆಂಟಿವ್ ಸೇರಿ ಅದು 574 ರೂಪಾಯಿ ಖರ್ಚು ಮಾಡುತ್ತಿದೆ. ಅಂದರೆ ಪ್ರತಿ ಟ್ರಿಪ್‌ಗೆ 230 ರೂಪಾಯಿ ಕೈಯಿಂದ ಹೋಗುತ್ತಿದೆ, ಅದೂ ನಮ್ಮನ್ನು ಮುಗಿಸುವುದಕ್ಕೆ.

ಇಷ್ಟು ಕೇಳಿದರೆ ಕೇಸು ಸುಲಭ ಅನಿಸುತ್ತದೆ. ಆದರೆ ಸ್ಪರ್ಧಾ ಕಾಯ್ದೆಯ 4ನೇ ಸೆಕ್ಷನ್ ನಷ್ಟಕ್ಕೆ ಮಾರುವುದನ್ನೇ ತಪ್ಪು ಎನ್ನುವುದಿಲ್ಲ. ಪ್ರಬಲ ಸ್ಥಾನದಲ್ಲಿ ಇರುವವರು ಎದುರಾಳಿಯನ್ನು ಓಡಿಸಲು ಹಾಗೆ ಮಾಡಿದರೆ ಮಾತ್ರ ಅದು ತಪ್ಪು. ಹಾಗಾಗಿ ಮೂರು ಬಾಗಿಲುಗಳನ್ನು ಒಂದಾದ ಮೇಲೊಂದು ದಾಟಬೇಕು. ಇದು ಯಾವ ಮಾರುಕಟ್ಟೆ? ಅದರಲ್ಲಿ ಈ ಕಂಪನಿ ಪ್ರಬಲವೇ? ಪ್ರಬಲವಾಗಿದ್ದರೆ ಆ ಬಲವನ್ನು ದುರ್ಬಳಕೆ ಮಾಡಿತೇ?

ನಾನು ಇಂಜಿನಿಯರಿಂಗ್ ಓದಿದವನು. ಥರ್ಮೋಡೈನಮಿಕ್ಸ್‌ನಲ್ಲಿ ಲೆಕ್ಕ ಶುರು ಮಾಡುವ ಮೊದಲು ವ್ಯವಸ್ಥೆಯ ಸುತ್ತ ಒಂದು ಗೆರೆ ಎಳೆಯಬೇಕು. ಗೆರೆ ಎಲ್ಲಿದೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಕಾನೂನಿನಲ್ಲಿ ಆ ಗೆರೆಗೆ ‘ಸಂಬಂಧಿತ ಮಾರುಕಟ್ಟೆ’ ಎನ್ನುತ್ತಾರೆ. ಬಸ್ಸು, ಆಟೋ, ಸ್ವಂತ ಕಾರು ಎಲ್ಲವನ್ನೂ ಒಳಗೆ ಸೇರಿಸಿದರೆ ಓಲಾದ ಪಾಲು ಚಿಕ್ಕದಾಗುತ್ತದೆ. ಬರೀ ಕ್ಯಾಬ್ ಎಂದರೆ ದೊಡ್ಡದಾಗುತ್ತದೆ.

ಗೆರೆ ಎಳೆಯುವಾಗ ಕೇಳುವ ಪ್ರಶ್ನೆ ಒಂದೇ: ದರ ಸ್ವಲ್ಪ ಏರಿದರೆ ಜನ ಎಲ್ಲಿಗೆ ಹೋಗುತ್ತಾರೆ? ಅರ್ಥಶಾಸ್ತ್ರಜ್ಞರು ಶೇ 5ರಿಂದ 10ರಷ್ಟು ಏರಿಕೆಯನ್ನು ಊಹಿಸಿಕೊಳ್ಳುತ್ತಾರೆ. 300 ರೂಪಾಯಿಯ ಕ್ಯಾಬ್ 330 ಆಯಿತು ಅಂದುಕೊಳ್ಳಿ. ಏರಿಸಿದ್ದರಿಂದ ಲಾಭವೇ ಇಲ್ಲ ಅನ್ನುವಷ್ಟು ಜನ ಆಟೋ ಹತ್ತಿದರೆ ಆಟೋ ಕೂಡ ಅದೇ ಮಾರುಕಟ್ಟೆಯಲ್ಲಿದೆ. ಗೊಣಗಿಕೊಂಡಾದರೂ ಕ್ಯಾಬ್‌ನಲ್ಲೇ ಕೂತರೆ ಆಟೋ ಹೊರಗೆ. ಇಲ್ಲೊಂದು ತೊಡಕಿದೆ. ಡಿಸ್ಕೌಂಟ್ ಕಾಲದ ದರ ನಿಜವಾದ ದರವಲ್ಲ. ಆ ದರದಿಂದ ಲೆಕ್ಕ ಶುರು ಮಾಡಿದರೆ ಮಾರುಕಟ್ಟೆಯ ಅಳತೆಯೇ ತಪ್ಪಾಗಿ ಕಾಣಬಹುದು. ಅದಕ್ಕೇ ಈ ಲೆಕ್ಕವನ್ನೊಂದೇ ನಂಬಲಾಗುವುದಿಲ್ಲ. ಸೇವೆ ಹೇಗಿದೆ, ಯಾವುದಕ್ಕೆ ಬಳಕೆಯಾಗುತ್ತದೆ, ಗ್ರಾಹಕರ ಒಲವೇನು ಎಂಬುದನ್ನೂ ನೋಡಬೇಕು ಎನ್ನುತ್ತದೆ ಕಾಯ್ದೆ.

ಸಿಸಿಐ ಗೆರೆಯನ್ನು ಚಿಕ್ಕದಾಗಿಯೇ ಎಳೆಯಿತು: ‘ಬೆಂಗಳೂರಿನ ರೇಡಿಯೋ ಟ್ಯಾಕ್ಸಿ ಸೇವೆ’. ಕರೆದಲ್ಲಿಗೆ ಬರುವ ಕ್ಯಾಬ್‌ಗೆ ಬಸ್ಸಾಗಲಿ ಆಟೋ ಆಗಲಿ ಬದಲಿಯಲ್ಲ. ಕೋರಮಂಗಲದಲ್ಲಿ ನಿಂತವರಿಗೆ ಮೈಸೂರಿನ ಕ್ಯಾಬ್‌ನಿಂದ ಉಪಯೋಗವೂ ಇಲ್ಲ. ಅಂದರೆ ಮೊದಲ ಬಾಗಿಲಲ್ಲಿ ದೂರುದಾರರೇ ಗೆದ್ದರು.

ಸೋತದ್ದು ಎರಡನೇ ಬಾಗಿಲಲ್ಲಿ. ಆ ಚಿಕ್ಕ ವೃತ್ತದೊಳಗೆ ಓಲಾ ಎಲ್ಲರಿಗಿಂತ ದೊಡ್ಡದೇ. ಆದರೆ ಕಾಯ್ದೆಯ ಪ್ರಕಾರ ಪ್ರಾಬಲ್ಯ ಅಂದರೆ ಸ್ಪರ್ಧೆಯ ಹಂಗಿಲ್ಲದೆ ನಡೆದುಕೊಳ್ಳುವ ಶಕ್ತಿ, ಅಥವಾ ಎದುರಾಳಿಗಳನ್ನೋ ಗ್ರಾಹಕರನ್ನೋ ತನಗೆ ಅನುಕೂಲವಾಗುವಂತೆ ಬಾಗಿಸುವ ಶಕ್ತಿ. ಅದನ್ನು ಶೇಕಡಾವಾರು ಪಾಲೊಂದೇ ಹೇಳುವುದಿಲ್ಲ. ಅದೇ ಅವಧಿಯಲ್ಲಿ ಊಬರ್ ಇದೇ ಊರಿನಲ್ಲಿ ವೇಗವಾಗಿ ಪಾಲು ಕಿತ್ತುಕೊಳ್ಳುತ್ತಿತ್ತು, ಅದರ ಹಿಂದೆಯೂ ದೊಡ್ಡ ಬಂಡವಾಳವಿತ್ತು. ಓಲಾ ಡಿಸ್ಕೌಂಟ್ ನಿಲ್ಲಿಸಿದರೆ ಗ್ರಾಹಕರೂ ಚಾಲಕರೂ ಇನ್ನೊಂದು ಆ್ಯಪ್ ತೆರೆಯುತ್ತಾರೆ. ಇಂಥ ಸ್ಥಿತಿಯಲ್ಲಿರುವವರನ್ನು ಪ್ರಬಲ ಎನ್ನಲಾಗದು ಎಂದು 2017ರ ಜುಲೈನಲ್ಲಿ ಆಯೋಗ ಕೇಸು ಮುಗಿಸಿತು. ಪ್ರಾಬಲ್ಯವೇ ಇಲ್ಲದ ಮೇಲೆ ದುರ್ಬಳಕೆಯ ಪ್ರಶ್ನೆ ಎಲ್ಲಿ ಬರುತ್ತದೆ? ಹೀಗಾಗಿ ವೆಚ್ಚಕ್ಕಿಂತ ಕಡಿಮೆ ದರದ ಆರೋಪ ಓಲಾದ ಮೇಲೆ ನಿಲ್ಲಲೇ ಇಲ್ಲ.

ಈ ತರ್ಕ ಕಾನೂನಿಗೆ ಸರಿಯಾಗಿಯೇ ಇದೆ ಅನ್ನುವುದು ನನ್ನ ಅಭಿಪ್ರಾಯ. ಸ್ಪರ್ಧಾ ಕಾನೂನು ಇರುವುದು ಸ್ಪರ್ಧೆಯನ್ನು ಕಾಯಲು, ಸ್ಪರ್ಧಿಗಳನ್ನಲ್ಲ. ಪ್ರಬಲರಲ್ಲದವರ ಡಿಸ್ಕೌಂಟ್‌ಗೂ ದಂಡ ಹಾಕಿದರೆ ಹೊಸಬರು ಯಾರೂ ಮಾರುಕಟ್ಟೆಗೆ ಕಾಲಿಡಲಾರರು.

ಆದರೆ ಒಂದು ಕಂಡಿ ಉಳಿದಿದೆ. ದುಡ್ಡಿರುವ ಇಬ್ಬರು ಒಬ್ಬರೊಡನೊಬ್ಬರು ಗುದ್ದಾಡುತ್ತಾ ನಡುವೆ ಇದ್ದ ಮೂರನೆಯವರನ್ನು ತುಳಿದರೆ? ನಮ್ಮ 4ನೇ ಸೆಕ್ಷನ್ ನೋಡುವುದು ಒಂದು ಕಂಪನಿಯನ್ನು, ಇಲ್ಲವೇ ಒಂದೇ ಗುಂಪಿನ ಕಂಪನಿಗಳನ್ನು. ಬೇರೆ ಬೇರೆ ಕಂಪನಿಗಳ ಸಾಮೂಹಿಕ ಪ್ರಾಬಲ್ಯ ಎಂಬುದು ಅದರಲ್ಲಿಲ್ಲ. ಅವರಿಬ್ಬರ ನಡುವೆ ಒಪ್ಪಂದವಿದೆ ಎಂದು ತೋರಿಸಿದರೆ 3ನೇ ಸೆಕ್ಷನ್ ಇದೆ, ಆದರೆ ಕುಸ್ತಿ ಮಾಡುವವರ ನಡುವೆ ಒಪ್ಪಂದ ಎಲ್ಲಿಂದ ಹುಡುಕುವುದು? ಡಿಸ್ಕೌಂಟ್ ಮುಗಿದ ಮೇಲೆ ದರ ಏರಿಸುವುದು ಆ ಇಬ್ಬರೇ ಆದರೂ ಇಬ್ಬರಲ್ಲಿ ಯಾರೊಬ್ಬರನ್ನೂ ‘ಪ್ರಬಲ’ ಎನ್ನುವುದು ಆಗಲೂ ಅಷ್ಟೇ ಕಷ್ಟ.