ಪರಿವಿಡಿ ಇಲ್ಲದ ವಿಡಿಯೊ
ಶಾಲೆಯ ನಾಟಕ ಚಿತ್ರೀಕರಿಸುವಾಗ ಬ್ಯಾಟರಿ ಮುಗಿದು ಮೊಬೈಲ್ ಆಫ್ ಆಯಿತು ಎನ್ನಿ. ಫೈಲ್ 1 ಜಿಬಿ ಇದೆ, ಆದರೆ ತೆರೆಯುತ್ತಿಲ್ಲ. ದೃಶ್ಯಗಳು ಅದರೊಳಗೇ ಇವೆ! ಯಾವ ದೃಶ್ಯ ಎಲ್ಲಿದೆ ಎಂದು ತಿಳಿಸುವ ಪರಿವಿಡಿಯನ್ನು ಮೊಬೈಲ್ ಸಾಮಾನ್ಯವಾಗಿ ರೆಕಾರ್ಡಿಂಗ್ ನಿಲ್ಲಿಸಿದಾಗ ಬರೆಯುತ್ತದೆ. ಇಲ್ಲಿ ಅದಕ್ಕೆ ಸಮಯ ಸಿಗಲಿಲ್ಲ, ಅಷ್ಟೆ.

ಮೊದಲು ಫೈಲನ್ನು ಕಂಪ್ಯೂಟರಿಗೆ ನಕಲು ಮಾಡಿಕೊಳ್ಳಿ. ಆಮೇಲೆ ಅದೇ ಮೊಬೈಲಿನಲ್ಲಿ, ಅದೇ ಸೆಟ್ಟಿಂಗಿನಲ್ಲಿ ಒಂದೆರಡು ನಿಮಿಷದ ಮಾದರಿ ವಿಡಿಯೊ ತೆಗೆಯಿರಿ. `untrunc` ಎಂಬ ಉಚಿತ ತಂತ್ರಾಂಶಕ್ಕೆ ಮೊದಲು ಮಾದರಿಯನ್ನು, ನಂತರ ಕೆಟ್ಟದ್ದನ್ನು ಕೊಡಿ:

```
untrunc good.mp4 bad.mp4
```

ಅದು ಮಾದರಿಯನ್ನು ನೋಡಿ ಪರಿವಿಡಿಯನ್ನು ಹೊಸದಾಗಿ ಕಟ್ಟುತ್ತದೆ. ಚಿತ್ರ ಒಡೆದು ಕಂಡರೆ ಮಾದರಿಯ ಸೆಟ್ಟಿಂಗ್ ಬೇರೆಯಾಗಿದೆಯೇ ನೋಡಿ. ಕೊನೆಯ ಕೆಲವು ಕ್ಷಣಗಳು ಸಿಗದಿರಬಹುದು. ಫೈಲ್ 0 ಕೆಬಿ ಎಂದು ತೋರಿಸಿದರೆ ಮಾತ್ರ ಈ ದಾರಿ ನಡೆಯದು.