ಹಾಲಿನ ಕವರು ಯಾವ ಬುಟ್ಟಿಗೆ?

ಹಸಿರು ಬುಟ್ಟಿಗೆ ಹಸಿ ಕಸ, ಕೆಂಪು ಬುಟ್ಟಿಗೆ ಶುಚಿತ್ವದ ಕಸ, ಚೀಲಕ್ಕೆ ಒಣ ಕಸ. ಬೆಂಗಳೂರಿನ ಪಾಲಿಕೆ ಮನೆಮನೆಗೂ ಹೇಳುತ್ತ ಬಂದಿರುವ ಸೂಚನೆ ಇಷ್ಟೇ. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಇಡೀ ನಗರಕ್ಕೆ ಅನ್ವಯಿಸಿದ ‘ಎರಡು ಬುಟ್ಟಿ, ಒಂದು ಚೀಲ’ ಪದ್ಧತಿ ಇದು. ಸೂಚನೆ ಓದಿದವರೂ ತಡವರಿಸುವುದು ಅಡುಗೆಮನೆಯ ಕಟ್ಟೆಯ ಮುಂದೆ ನಿಂತಾಗ.

ಹಾಲಿನ ಕವರನ್ನೇ ನೋಡಿ. ಅದು ಪ್ಲಾಸ್ಟಿಕ್, ಆದ್ದರಿಂದ ಒಣ ಕಸ. ಆದರೆ ಒಳಗೆ ಉಳಿದ ನಾಲ್ಕು ಹನಿ ಹಾಲು ಮರುದಿನಕ್ಕೆ ಹುಳಿಯುತ್ತದೆ, ಚೀಲದಲ್ಲಿರುವ ಪತ್ರಿಕೆ, ರಟ್ಟುಗಳಿಗೂ ಅಂಟುತ್ತದೆ. ಒದ್ದೆಯಾಗಿ ನಾರುವ ಕಾಗದವನ್ನು ಗುಜರಿಯವರು ಕೊಳ್ಳುವುದಿಲ್ಲ. ಒಂದು ಲೋಟ ನೀರಿನಲ್ಲಿ ಜಾಲಿಸಿ, ಒಣಗಿಸಿ ಹಾಕಿದರೆ ಸಾಕು. ಮೂಲೆ ಕತ್ತರಿಸುವಾಗ ತುಣುಕನ್ನು ಪೂರ್ತಿ ಬೇರ್ಪಡಿಸದೆ ಕವರಿಗೇ ಅಂಟಿಕೊಂಡಿರುವಂತೆ ಬಿಡುವುದು ಇನ್ನೂ ಒಳ್ಳೆಯದು. ಉಗುರಿನಷ್ಟು ಚಿಕ್ಕ ಆ ಚೂರನ್ನು ಕಸದಿಂದ ಹೆಕ್ಕಿ ತೆಗೆಯಲು ಯಾರಿಂದಲೂ ಆಗದು.

ಹಸಿ ಕಸದಲ್ಲಿ ಆಗುವ ದೊಡ್ಡ ತಪ್ಪು ಬೇರೆಯೇ. ತರಕಾರಿ ಸಿಪ್ಪೆ, ಉಳಿದ ಅನ್ನ, ಚಹಾ ಸೊಪ್ಪು ಎಲ್ಲವನ್ನೂ ಸರಿಯಾಗಿಯೇ ವಿಂಗಡಿಸಿ, ಕೊನೆಗೆ ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ಕೊಡುತ್ತಾರೆ. ಆ ಗಂಟನ್ನು ಪೌರಕಾರ್ಮಿಕರು ಕೈಯಿಂದ ಹರಿಯಬೇಕು; ಹರಿಯದೆ ಬಿಟ್ಟರೆ ಕವರು ಗೊಬ್ಬರದ ಘಟಕದವರೆಗೂ ಹೋಗಿ ಗೊಬ್ಬರದಲ್ಲಿ ಚೂರುಚೂರಾಗಿ ಉಳಿಯುತ್ತದೆ. ಬುಟ್ಟಿಯೊಳಗೆ ಹಳೆಯ ಪತ್ರಿಕೆ ಹಾಸಿದರೆ ಕವರು ಬೇಕಾಗುವುದಿಲ್ಲ, ಕಾಗದವೂ ಕಸದ ಜೊತೆ ಕೊಳೆಯುತ್ತದೆ.

ಸ್ಯಾನಿಟರಿ ಪ್ಯಾಡ್, ಡೈಪರ್, ಬ್ಯಾಂಡೇಜುಗಳು ಕೆಂಪು ಬುಟ್ಟಿಯವು. ಇವನ್ನು ಕಾಗದದಲ್ಲಿ ಸುತ್ತಿ, ಮೇಲೆ ಕೆಂಪು ಪೆನ್ನಿನಿಂದ ಗುರುತು ಹಾಕಬೇಕು. ಗಂಟು ಬಿಚ್ಚುವ ಕೈಗಳಿಗೆ ಒಳಗೇನಿದೆಯೆಂದು ಮೊದಲೇ ತಿಳಿಸುವುದು ಆ ಗುರುತೊಂದೇ. ಒಡೆದ ಗಾಜನ್ನೂ ಹಾಗೇ ಸಡಿಲವಾಗಿ ಹಾಕದೆ, ದಪ್ಪ ಕಾಗದದಲ್ಲಿ ಸುತ್ತಿ ಬೇರೆಯಾಗಿ ಕೈಗೆ ಕೊಡಬೇಕು.

ಇನ್ನು ಸಮಯ. ಹಸಿ ಕಸವೂ ಕೆಂಪು ಬುಟ್ಟಿಯ ಕಸವೂ ದಿನಾ ಬೆಳಗ್ಗೆ ಹೋಗಬೇಕು. ಒಣ ಕಸ ವಾರಕ್ಕೆ 2 ದಿನ ಮಾತ್ರ. ಆ ದಿನಗಳು ಬಡಾವಣೆಯಿಂದ ಬಡಾವಣೆಗೆ ಬದಲಾಗುತ್ತವೆ, ಹೊಸದಾಗಿ ಬಾಡಿಗೆಗೆ ಬಂದವರು ಆಟೋದವರನ್ನೇ ಕೇಳಿಕೊಳ್ಳುವುದು ಸುಲಭ. ಒಣ ಕಸಕ್ಕೆ ವಾಸನೆಯಿಲ್ಲ, ಮೂರು ನಾಲ್ಕು ದಿನ ಚೀಲದಲ್ಲಿದ್ದರೂ ತೊಂದರೆಯಿಲ್ಲ. ತೊಳೆಯದ ಹಾಲಿನ ಕವರು ಸೇರಿದರೆ ಮಾತ್ರ ಆ ಲೆಕ್ಕ ತಪ್ಪುತ್ತದೆ.

ಬೆಳಗ್ಗೆಯೇ ಕೆಲಸಕ್ಕೆ ಹೊರಡುವವರಿಗೆ ಆಟೋ ಸಿಗದಿರುವುದು ನಿಜವಾದ ಕಷ್ಟ. ಹಾಗೆಂದು ರಾತ್ರಿಯೇ ಗೇಟಿನ ಹೊರಗಿಟ್ಟರೆ ನಾಯಿಗಳು ಎಳೆದಾಡುತ್ತವೆ, ಬೆಳಗಾಗುವಷ್ಟರಲ್ಲಿ ವಿಂಗಡಿಸಿದ್ದೆಲ್ಲ ರಸ್ತೆಯಲ್ಲಿ ಬೆರೆತಿರುತ್ತದೆ. ಮುಚ್ಚಳವಿರುವ ಬುಟ್ಟಿಯನ್ನು ಪಕ್ಕದ ಮನೆಯವರ ವಶಕ್ಕೆ ಕೊಟ್ಟು ಹೋಗುವ ಏರ್ಪಾಟು ಮಾಡಿಕೊಳ್ಳಬಹುದು.