ಮುಖ ಹೊಂದದಿದ್ದರೆ ತಪ್ಪು ಯಾರದು?

2025ರ ಜುಲೈ 1ರಿಂದ ಅಂಗನವಾಡಿಯಲ್ಲಿ ಮನೆಗೆ ಒಯ್ಯುವ ಪೌಷ್ಟಿಕ ಆಹಾರ ಪಡೆಯಲು ಮುಖ ಗುರುತಿಸುವಿಕೆ ಕಡ್ಡಾಯವಾಗಿದೆ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಅಂಗನವಾಡಿಗಳೂ ಈ ನಿಯಮದೊಳಗೇ ಬರುತ್ತವೆ. ಕಾರ್ಯಕರ್ತೆ ತನ್ನ ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್ ಆ್ಯಪ್ ತೆರೆದು, ಬಾಣಂತಿಯ ಮುಂದೆ ಹಿಡಿದು, "ಮಾರಿ ಸ್ವಲ್ಪ ಮ್ಯಾಲೆತ್ತವ್ವಾ, ಕಣ್ಣು ಮಿಟುಕಿಸು" ಎನ್ನುತ್ತಾಳೆ. ಮುಖ ಆಧಾರ್ ಫೋಟೊಕ್ಕೆ ಹೊಂದಿದರೆ ಆಹಾರದ ಪೊಟ್ಟಣ ಕೈಗೆ ಬರುತ್ತದೆ. ಹೊಂದದಿದ್ದರೆ ಅಲ್ಲಿ ನಿಂತವರ ಬಾಯಲ್ಲಿ ನಾನಾ ಕಾರಣಗಳು ಹುಟ್ಟುತ್ತವೆ: ಬಣ್ಣ ಕಪ್ಪು, ಮುಖ ಸೊರಗಿದೆ, ಆಧಾರ್ ಕಾರ್ಡೇ ಬೇರೆಯವರದ್ದು. ಇವುಗಳಲ್ಲಿ ಸತ್ಯವೆಷ್ಟು ಎಂದು ತಿಳಿಯದೆ ಯಾರನ್ನೂ ಅನುಮಾನಿಸುವುದು ಸರಿಯಲ್ಲ.

ನಂಬಿಕೆ: ಮೊಬೈಲು ಎರಡು ಫೋಟೊ ಅಕ್ಕಪಕ್ಕ ಇಟ್ಟು ನೋಡುತ್ತದೆ

ನಾವು ನೋಡುವಂತೆ ಅದು ನೋಡುವುದಿಲ್ಲ. ಮೊದಲು ಚಿತ್ರದಲ್ಲಿ ಮುಖ ಎಲ್ಲಿದೆ ಎಂದು ಹುಡುಕುತ್ತದೆ. ಕಣ್ಣು, ಮೂಗು, ಬಾಯಂಚುಗಳನ್ನು ಗುರುತಿಸಿ, ಓರೆಯಾಗಿದ್ದ ಮುಖವನ್ನು ನೆಟ್ಟಗೆ ಮಾಡಿ, ಸಣ್ಣ ಚೌಕಕ್ಕೆ ಕತ್ತರಿಸಿಕೊಳ್ಳುತ್ತದೆ. ಆ ಚೌಕವನ್ನು ಲಕ್ಷಾಂತರ ಮುಖಗಳ ಮೇಲೆ ತರಬೇತಿ ಪಡೆದ ಗಣಕಜಾಲಕ್ಕೆ ಕೊಟ್ಟಾಗ ಅದು ಸಂಖ್ಯೆಗಳ ಒಂದು ಸಾಲನ್ನು ಹೊರಡಿಸುತ್ತದೆ. ಗೂಗಲ್ 2015ರಲ್ಲಿ ಪ್ರಕಟಿಸಿದ ಫೇಸ್‌ನೆಟ್‌ನಲ್ಲಿ ಒಂದು ಮುಖಕ್ಕೆ 128 ಸಂಖ್ಯೆಗಳಿದ್ದವು. ನಂತರ ಬಂದ ಹಲವು ವಿಧಾನಗಳಲ್ಲಿ 512. ಇದರಲ್ಲಿ ಮೂಗಿಗೊಂದು, ಹಣೆಗೊಂದು ಸಂಖ್ಯೆ ಎಂದೇನೂ ಇಲ್ಲ. ಇಡೀ ಸಾಲು ಸೇರಿಯೇ ಒಂದು ಮುಖ.

ಒಬ್ಬರದೇ ಎರಡು ಫೋಟೊಗಳಿಂದ ಬಂದ ಸಾಲುಗಳು ಹತ್ತಿರ ಹತ್ತಿರ ಇರಬೇಕು, ಬೇರೆಯವರದ್ದು ದೂರ ಇರಬೇಕು ಎಂದೇ ಗಣಕಜಾಲವನ್ನು ಪಳಗಿಸಿರುತ್ತಾರೆ. ಹೋಲಿಸಿದಾಗ ಒಂದು ಅಂಕ ಸಿಗುತ್ತದೆ. "ಹೌದು, ಇವರೇ" ಎಂಬ ಉತ್ತರ ಆ ಅಂಕದೊಳಗೆ ಇರುವುದಿಲ್ಲ. ಯಾರೋ ಮೊದಲೇ ಗೊತ್ತುಮಾಡಿಟ್ಟ ಕಟ್‌ಆಫ್ ದಾಟಿತೇ ಇಲ್ಲವೇ ಎಂಬುದಷ್ಟೇ ತೀರ್ಪು.

ಲೆಕ್ಕ ತಿಳಿಯಲೆಂದು ಒಂದು ಕಲ್ಪಿತ ಉದಾಹರಣೆ ನೋಡೋಣ. ಹಾನಗಲ್ಲ ತಾಲ್ಲೂಕಿನ ಒಬ್ಬ ಬಾಣಂತಿಗೆ 27 ವರ್ಷ. ಅವಳ ಆಧಾರ್ ಫೋಟೊ 2012ರದು, ಆಗ ಅವಳಿಗೆ 14. ಕಟ್‌ಆಫ್ 0.40 ಎನ್ನೋಣ. ಆಷಾಢದ ಮೋಡದ ದಿನ, ಅಂಗನವಾಡಿಯ ಬಾಗಿಲಿಗೆ ಬೆನ್ನು ಮಾಡಿ ನಿಂತಾಗ ಅಂಕ 0.31 ಬಂತು, ತಿರಸ್ಕಾರ. ಬಾಗಿಲಿನ ಕಡೆ ಮುಖ ಮಾಡಿ ನಿಂತಾಗ 0.43, ಸ್ವೀಕಾರ. ಹೆಂಗಸು ಅವಳೇ, ಆಧಾರ್ ಅದೇ. ಬದಲಾದದ್ದು ಬೆಳಕು ಮಾತ್ರ. ಕಟ್‌ಆಫ್ ಅನ್ನು 0.30ಕ್ಕೆ ಇಳಿಸಿದ್ದರೆ ಮೊದಲ ಸಲವೇ ಒಪ್ಪಿಗೆಯಾಗುತ್ತಿತ್ತು, ಆದರೆ ಅವಳನ್ನು ಹೋಲುವ ಬೇರೆ ಹೆಂಗಸರನ್ನೂ ಅವಳೆಂದೇ ಒಪ್ಪಿಕೊಳ್ಳುವ ಅಪಾಯ ಹೆಚ್ಚುತ್ತಿತ್ತು. ಹೀಗೆ ತಪ್ಪುಗಳು ಎರಡು ಬಗೆ: ನಿಜವಾದವರನ್ನು ಹೊರಗೆ ಕಳಿಸುವುದು, ಬೇರೆಯವರನ್ನು ಒಳಗೆ ಬಿಡುವುದು. ಒಂದನ್ನು ತಗ್ಗಿಸಿದರೆ ಇನ್ನೊಂದು ಏರುತ್ತದೆ.

ನಂಬಿಕೆ: ಕಪ್ಪು ಬಣ್ಣವೇ ತೊಂದರೆ

ಇಲ್ಲಿ ಆ ಎರಡು ತಪ್ಪುಗಳನ್ನು ಬೇರೆಬೇರೆಯಾಗಿ ನೋಡಲೇಬೇಕು, ಏಕೆಂದರೆ ಅವುಗಳ ಕಾರಣಗಳೂ ಬೇರೆ.

ನಿಜವಾದವರನ್ನು ಹೊರಗೆ ಕಳಿಸುವ ತಪ್ಪಿನಲ್ಲಿ ಕ್ಯಾಮೆರಾದ ಪಾಲು ದೊಡ್ಡದು. ಮೊಬೈಲು ಇಡೀ ದೃಶ್ಯದ ಬೆಳಕನ್ನು ಅಳೆದು ಚಿತ್ರ ಎಷ್ಟು ಬೆಳ್ಳಗಿರಬೇಕೆಂದು ಲೆಕ್ಕ ಹಾಕುತ್ತದೆ. ಹಿಂದೆ ಬಿಸಿಲು ಬಿದ್ದ ಸುಣ್ಣದ ಗೋಡೆಯಿದ್ದರೆ ಅದಕ್ಕೆ ಸರಿಹೊಂದಿಸಿ ಉಳಿದದ್ದನ್ನೆಲ್ಲ ಕಪ್ಪಾಗಿಸುತ್ತದೆ. ಕಪ್ಪು ಚರ್ಮ ಕಡಿಮೆ ಬೆಳಕನ್ನು ಮರಳಿಸುವುದರಿಂದ ಆ ಮುಖದ ಕಣ್ಣಿನ ಕುಳಿ, ಮೂಗಿನ ಅಂಚು ಮೊದಲು ಅಳಿಸಿಹೋಗುತ್ತವೆ. ಅಮೆರಿಕದ ಗೃಹಭದ್ರತಾ ಇಲಾಖೆಯ ನೆರವಿನಿಂದ ನಡೆದು 2019ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ 11 ಮುಖ-ಕ್ಯಾಮೆರಾ ವ್ಯವಸ್ಥೆಗಳನ್ನು ಹೋಲಿಸಿದಾಗ, ಚರ್ಮದ ಬಣ್ಣದ ಪರಿಣಾಮ ಎಲ್ಲದರಲ್ಲೂ ಒಂದೇ ಸಮ ಇರಲಿಲ್ಲ. ಒಳ್ಳೆಯ ಚಿತ್ರ ಹಿಡಿಯುವ ವ್ಯವಸ್ಥೆಗಳಲ್ಲಿ ಅದು ತೀರ ಕಡಿಮೆಯಿತ್ತು. ಹಾಗಾದರೆ ಕೊರತೆ ಇರುವುದು ಚರ್ಮದಲ್ಲಲ್ಲ, ಚಿತ್ರ ಹಿಡಿಯುವ ರೀತಿಯಲ್ಲಿ.

ಬೇರೆಯವರನ್ನು ಒಪ್ಪಿಕೊಳ್ಳುವ ತಪ್ಪಿನ ಕಥೆ ಇನ್ನೊಂದು. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2019ರ ಡಿಸೆಂಬರಿನಲ್ಲಿ 189 ತಂತ್ರಾಂಶಗಳ ಪರೀಕ್ಷೆಯ ವರದಿ ಹೊರತಂದಿತು. ಒಳ್ಳೆಯ ಫೋಟೊಗಳಿದ್ದಾಗಲೂ ಅನೇಕ ತಂತ್ರಾಂಶಗಳಲ್ಲಿ ಈ ತಪ್ಪು ಒಂದು ಜನವರ್ಗಕ್ಕಿಂತ ಇನ್ನೊಂದರಲ್ಲಿ 10ರಿಂದ 100 ಪಟ್ಟು ಹೆಚ್ಚಿತ್ತು. ಪಶ್ಚಿಮ ಆಫ್ರಿಕಾ, ಪೂರ್ವ ಆಫ್ರಿಕಾ ಮತ್ತು ಪೂರ್ವ ಏಷ್ಯಾದವರಲ್ಲಿ ಅತಿ ಹೆಚ್ಚು, ಪೂರ್ವ ಯುರೋಪಿನವರಲ್ಲಿ ಅತಿ ಕಡಿಮೆ. ಪೂರ್ವ ಏಷ್ಯಾದವರೇನೂ ಕಪ್ಪು ಬಣ್ಣದವರಲ್ಲವಲ್ಲ! ಮೇಲಾಗಿ ಚೀನಾದಲ್ಲಿ ತಯಾರಾದ ಹಲವು ತಂತ್ರಾಂಶಗಳು ಪೂರ್ವ ಏಷ್ಯಾದ ಮುಖಗಳಲ್ಲಿ ಕಡಿಮೆ ತಪ್ಪು ಮಾಡಿದವು. ತರಬೇತಿಗೆ ಯಾರ ಮುಖಗಳನ್ನು ಹೆಚ್ಚು ತೋರಿಸಿದ್ದರು ಎಂಬುದು ಮುಖ್ಯ ಕಾರಣವಿರಬಹುದು ಎಂದು ಇದರಿಂದ ಊಹಿಸಬಹುದು. ಹೊರಗಿನವರಿಗೆ ಹಿಂಡಿನ ಕುರಿಗಳೆಲ್ಲ ಒಂದೇ ಥರ ಕಂಡರೆ, ದಿನಾ ಮೇಯಿಸುವ ಕುರಿಗಾಹಿಗೆ ಒಂದೊಂದರ ಮಾರಿಯೂ ಬೇರೆ. ಗಣಕಜಾಲವೂ ಕಡಿಮೆ ನೋಡಿದ ಜನರ ಸಂಖ್ಯೆ-ಸಾಲುಗಳನ್ನು ಒತ್ತೊತ್ತಾಗಿ ಒಂದೇ ಮೂಲೆಯಲ್ಲಿ ಇಟ್ಟುಬಿಡುತ್ತದೆ. ಎಲ್ಲರಿಗೂ ಒಂದೇ ಕಟ್‌ಆಫ್ ಇಟ್ಟಾಗ ಆ ಮೂಲೆಯವರು ಒಬ್ಬರಿಗೊಬ್ಬರು ಬೇಗ ಹೊಂದಿಬಿಡುತ್ತಾರೆ.

ಕಪ್ಪು ಬಣ್ಣದ ಮಹಿಳೆಯರಲ್ಲಿ ಶೇ 34.7ರಷ್ಟು ತಪ್ಪು ಎಂಬ ಮಾತನ್ನು ನೀವು ಓದಿರಬಹುದು. ಅದು ಜಾಯ್ ಬುಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು 2018ರಲ್ಲಿ ಮಾಡಿದ ಮಹತ್ವದ ಅಧ್ಯಯನದ ಅಂಕಿ. ಆದರೆ ಅವರು ಪರೀಕ್ಷಿಸಿದ್ದು ಫೋಟೊ ನೋಡಿ ಗಂಡೋ ಹೆಣ್ಣೋ ಎಂದು ಹೇಳುವ ತಂತ್ರಾಂಶಗಳನ್ನು. ಮುಖ ಹೊಂದಿಸುವ ಕೆಲಸಕ್ಕೆ ಆ ಅಂಕಿ ಅನ್ವಯಿಸುವುದಿಲ್ಲ.

ನಂಬಿಕೆ: ವಯಸ್ಸಾದವರ ಮುಖ ಯಂತ್ರಕ್ಕೆ ತಿಳಿಯುವುದೇ ಇಲ್ಲ

ತಿಳಿಯುತ್ತದೆ. 2021ರ ನವೆಂಬರಿನಿಂದ ನಿವೃತ್ತರು ಮುಖ ತೋರಿಸಿಯೇ ಜೀವನ ಪ್ರಮಾಣ ಪತ್ರ ಕೊಡಬಹುದಾಗಿದೆ. ಬೆರಳಿನ ಗೆರೆ ಸವೆದವರಿಗೆ ಇದು ದೊಡ್ಡ ಅನುಕೂಲ. ಇಲ್ಲಿ ವ್ಯಕ್ತಿಯ ವಯಸ್ಸಿನಷ್ಟೇ, ಎಷ್ಟೋ ಸಲ ಅದಕ್ಕಿಂತಲೂ ಹೆಚ್ಚಾಗಿ, ನೋಡಬೇಕಾದದ್ದು ಫೋಟೊದ ವಯಸ್ಸು. ಹಲ್ಲು ಬಿದ್ದು ಬಾಯಿ ಒಳಸೇರಿದ್ದರೆ, ದಪ್ಪ ಕನ್ನಡಕ ಬಂದಿದ್ದರೆ ಹತ್ತು ವರ್ಷದ ಹಿಂದಿನ ಫೋಟೊಕ್ಕೆ ಅಂಕ ಇಳಿಯುತ್ತದೆ. ಮಕ್ಕಳಲ್ಲಂತೂ ಮುಖದ ಎಲುಬೇ ಬೆಳೆಯುವುದರಿಂದ ಕೆಲವೇ ವರ್ಷಗಳಲ್ಲಿ ಹೋಲಿಕೆ ಕುಸಿಯುತ್ತದೆ. 5 ಮತ್ತು 15ನೇ ವಯಸ್ಸಿಗೆ ಆಧಾರ್‌ನಲ್ಲಿ ಬೆರಳಚ್ಚು, ಕಣ್ಣುಪಾಪೆ, ಫೋಟೊ ಹೊಸದಾಗಿ ಕೊಡಿಸಬೇಕೆಂದಿರುವುದು ಇದಕ್ಕೇ. ನಮ್ಮ ಉದಾಹರಣೆಯ ಬಾಣಂತಿ 15ಕ್ಕೆ ಅದನ್ನು ಮಾಡಿಸಿದ್ದರೆ ಬಾಗಿಲಿಗೆ ಬೆನ್ನು ಮಾಡಿ ನಿಂತಾಗಲೂ ಹೊಂದುವ ಸಾಧ್ಯತೆ ಹೆಚ್ಚಿರುತ್ತಿತ್ತು. ಹಾಗೆಂದು ವ್ಯಕ್ತಿಯ ವಯಸ್ಸು ಲೆಕ್ಕಕ್ಕಿಲ್ಲವೆಂದಲ್ಲ: ನಿಸ್ಟ್ ವರದಿಯ ಪ್ರಕಾರ ಮುದುಕರಲ್ಲಿಯೂ ಮಕ್ಕಳಲ್ಲಿಯೂ ಬೇರೆಯವರೊಂದಿಗೆ ತಪ್ಪಾಗಿ ಹೊಂದುವ ಪ್ರಮಾಣ ನಡುವಯಸ್ಕರಿಗಿಂತ ಹೆಚ್ಚು.

ಆದ್ದರಿಂದ ಕಾರ್ಯಕರ್ತೆಯರಲ್ಲಿ ಕೇಳಿಕೊಳ್ಳುವುದಿಷ್ಟು: ಮೊದಲು ಮೊಬೈಲಿನ ಲೆನ್ಸನ್ನು ಸೆರಗಿನಿಂದಲಾದರೂ ಒರೆಸಿ, ಬೆಳಕು ಮುಖದ ಮೇಲೆ ಬೀಳುವಂತೆ ನಿಲ್ಲಿಸಿ, ಸೆರಗು ಹಣೆಗೆ ಇಳಿದಿದ್ದರೆ ಸರಿಸಲು ಹೇಳಿ. ಆಗಲೂ ಆಗದಿದ್ದರೆ ಆಧಾರ್ ಕೇಂದ್ರಕ್ಕೆ ಹೋಗಿ ಹೊಸ ಫೋಟೊ ಕೊಡಿಸಲು ತಿಳಿಸಿ. ಫೋಟೊ ಬದಲಾವಣೆ ಆನ್‌ಲೈನಿನಲ್ಲಿ ಆಗುವುದಿಲ್ಲ. ಯಾವ ದಿನ, ಎಷ್ಟು ಸಲ ವಿಫಲವಾಯಿತೆಂದು ಪುಸ್ತಕದಲ್ಲಿ ಬರೆದಿಟ್ಟು ಮೇಲ್ವಿಚಾರಕಿಗೆ ತೋರಿಸಿ. ಗರ್ಭಿಣಿ, ಬಾಣಂತಿ ಮತ್ತು 6 ತಿಂಗಳು ತುಂಬಿದ ಮಗುವಿಗೆ ಈ ಆಹಾರದ ಹಕ್ಕು ಬಂದಿರುವುದು 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಿಂದ. ಮೊಬೈಲು ಕೊಡುವ ಅಂಕ ಕಡಿಮೆ ಬಂತೆಂದು ಅವರನ್ನು ಬರಿಗೈಯಲ್ಲಿ ಕಳಿಸಬೇಡಿ.